ಹತ್ತು ನಿಮಿಷ ಆಡಿದ ಮೇಲೆ ಸ್ಕೋರ್ ಎಲ್ಲಿ ಹೋಯಿತು?

ಮೊಬೈಲಿನ ಬೆಂಚ್‌ಮಾರ್ಕ್ ಸ್ಕೋರ್ ಎಂಬುದು ತಣ್ಣಗಿರುವ ಫೋನು ಸ್ವಲ್ಪ ಹೊತ್ತಿನಲ್ಲಿ ಎಷ್ಟು ವೇಗವಾಗಿ ಕೆಲಸ ಮಾಡಬಲ್ಲದು ಎಂಬುದರ ಲೆಕ್ಕ. ಗೇಮ್ ಆಡುವವರಿಗೆ ಬೇಕಾಗುವುದು ಆ ಲೆಕ್ಕವಲ್ಲ. ಫೋನು ಬಿಸಿಯಾದ ಮೇಲೆ ಎಷ್ಟು ವೇಗ ಉಳಿಯುತ್ತದೆ ಎಂಬುದು. ಎರಡೂ ಒಂದೇ ಪ್ರೊಸೆಸರಿನ ವೇಗವೇ ಆದರೂ ಮೊದಲನೆಯದನ್ನು ನೋಡಿ ಎರಡನೆಯದನ್ನು ಊಹಿಸಲು ಬರುವುದಿಲ್ಲ. ಹೆಚ್ಚು ಸ್ಕೋರ್ ಬಂದ ಫೋನು ಕಾಲು ಗಂಟೆ ಕಳೆಯುವಷ್ಟರಲ್ಲಿ ಕಡಿಮೆ ಸ್ಕೋರಿನ ಫೋನಿಗಿಂತ ಹಿಂದೆ ಬೀಳುವುದೂ ಉಂಟು.

ಕರ್ನಾಟಕದ ಹಳ್ಳಿಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದಲ್ಲಿ, ಆಡುವವರ ಬಾಯಲ್ಲಿ ಬಿಜಿಎಂಐ. ಪಬ್‌ಜಿ ಮೊಬೈಲನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ ಮೇಲೆ ಕೊರಿಯಾದ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ 2021ರ ಜುಲೈನಲ್ಲಿ ಬಿಡುಗಡೆ ಮಾಡಿದ ಆಟ ಇದು. 2022ರ ಜುಲೈನಲ್ಲಿ ಇದಕ್ಕೂ ತಡೆ ಬಿದ್ದು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಇಲ್ಲಿ ಮುಖ್ಯವಾದದ್ದು ಆಟದ ಉದ್ದ. ಎರಾಂಗಲ್ ಮ್ಯಾಪಿನ ಕ್ಲಾಸಿಕ್ ಪಂದ್ಯದಲ್ಲಿ ನೂರು ಮಂದಿ ಇಳಿಯುತ್ತಾರೆ. ಕೊನೆಯವರೆಗೆ ಉಳಿದವರಿಗೆ ಪಂದ್ಯ ಮುಗಿಯಲು ಅರ್ಧ ಗಂಟೆ ಹತ್ತಿರ ಬೇಕು. ವೃತ್ತ ಕುಗ್ಗುತ್ತಾ ಬಂದು, ಉಳಿದ ಕೆಲವರು ಎದುರುಬದುರಾಗಿ, ಬೆರಳಿನ ಒಂದು ಎಳೆತದಲ್ಲಿ ಗೆಲುವು ತೀರ್ಮಾನವಾಗುವುದು ಕಡೆಯ ಐದಾರು ನಿಮಿಷದಲ್ಲಿ. ಅಂದರೆ ಫೋನಿನ ವೇಗ ಹೆಚ್ಚು ಬೇಕಾದ ಹೊತ್ತು, ಫೋನು ಹೆಚ್ಚು ಬಿಸಿಯಾಗಿರುವ ಹೊತ್ತು ಎರಡೂ ಒಂದೇ.

ಬೆಂಚ್‌ಮಾರ್ಕ್ ಆ ಹೊತ್ತಿನವರೆಗೆ ಹೋಗುವುದೇ ಇಲ್ಲ. ಗ್ರಾಫಿಕ್ಸ್ ಅಳೆಯುವ ಹೆಸರುವಾಸಿ ಪರೀಕ್ಷೆಗಳಲ್ಲಿ ಒಂದಾದ 3ಡಿಮಾರ್ಕ್‌ನ ವೈಲ್ಡ್ ಲೈಫ್ ಸುಮಾರು ಒಂದು ನಿಮಿಷದ್ದು. ಪ್ರೊಸೆಸರ್ ಅಳೆಯುವ ಗೀಕ್‌ಬೆಂಚ್‌ನಲ್ಲಿ ಹಲವು ಚಿಕ್ಕ ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಅದು ಬೇಕೆಂದೇ ಸ್ವಲ್ಪ ಬಿಡುವು ಕೊಡುತ್ತದೆ. ಬಿಡುವಿಲ್ಲದಿದ್ದರೆ ಸಾಲಿನ ಕೊನೆಯ ಕೆಲಸಗಳು ಬಿಸಿ ಫೋನಿನಲ್ಲಿ ನಡೆದು ಅವುಗಳ ಅಂಕ ಕಡಿಮೆಯಾಗುತ್ತದೆ ಎಂಬುದು ಅದರ ಹಿಂದಿನ ಕಾರಣ. ಇದರಲ್ಲಿ ಮೋಸ ಏನಿಲ್ಲ. ಎರಡು ಪ್ರೊಸೆಸರುಗಳ ವಿನ್ಯಾಸವನ್ನು ಹೋಲಿಸಬೇಕಾದರೆ ಬಿಸಿಯ ಪ್ರಭಾವವನ್ನು ಬದಿಗಿಡುವುದು ಸರಿಯಾದ ಕ್ರಮವೇ. ಆದರೆ ಗೇಮ್ ಆಡುವವನಿಗೆ ಬೇಕಿದ್ದದ್ದು ಹೀಗೆ ಬದಿಗಿಟ್ಟ ಸಂಗತಿಯೇ. ಜಾಹೀರಾತಿನಲ್ಲಿ ಲಕ್ಷಗಳ ಲೆಕ್ಕದಲ್ಲಿ ಕಾಣುವ ಆನ್‌ಟುಟು ಸ್ಕೋರಿಗೆ ಇನ್ನೊಂದು ತೊಡಕಿದೆ. ಅದು ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ, ಫೋನಿನ ದಿನಬಳಕೆಯ ಚುರುಕು ಹೀಗೆ ನಾಲ್ಕಾರು ಭಾಗಗಳ ಅಂಕ ಕೂಡಿಸಿದ ಮೊತ್ತ. ವೇಗದ ಸ್ಟೋರೇಜಿನಿಂದ ಬಂದ ಅಂಕವೂ ಅದರಲ್ಲಿ ಸೇರಿರುತ್ತದೆ, ಗೇಮಿನ ಇಪ್ಪತ್ತನೆಯ ನಿಮಿಷದಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಬಿಸಿ ಎಲ್ಲಿಂದ ಬರುತ್ತದೆ? ಫೋನಿನ ಚಿಪ್ಪಿನಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವಾಗಲೆಲ್ಲ ಸ್ವಲ್ಪ ವಿದ್ಯುತ್ ಖರ್ಚಾಗುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಲೇಬೇಕು. ಖರ್ಚಿನ ಲೆಕ್ಕ ಸರಳ:

```
P = C × V² × f
```

ಇಲ್ಲಿ P ಎಂದರೆ ಖರ್ಚಾಗುವ ವಿದ್ಯುತ್, f ಎಂದರೆ ಗಡಿಯಾರದ ವೇಗ ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಚಿಪ್ ಮಿಡಿಯುತ್ತದೆ ಎಂಬುದು, V ಎಂದರೆ ವೋಲ್ಟೇಜ್. C ಆ ಚಿಪ್ಪಿಗೆ ಸೇರಿದ ಸ್ಥಿರಾಂಕ. ವೇಗ ಹೆಚ್ಚಿಸಿದರೆ ಖರ್ಚು ಅಷ್ಟೇ ಪಾಲು ಏರುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಹೆಚ್ಚು ವೇಗದಲ್ಲಿ ಚಿಪ್ ತಪ್ಪಿಲ್ಲದೆ ಕೆಲಸ ಮಾಡಲು ವೋಲ್ಟೇಜೂ ಏರಬೇಕು, ಆ ವೋಲ್ಟೇಜು ಲೆಕ್ಕದಲ್ಲಿ ವರ್ಗವಾಗಿ ಕೂತಿದೆ. ಹೀಗಾಗಿ ಮೇಲಿನ ವೇಗಗಳಲ್ಲಿ ಖರ್ಚು ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಖರ್ಚು ನೂರರಿಂದ ಐವತ್ತೊಂದಕ್ಕೆ ಬರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಕೊನೆಯ ಇಪ್ಪತ್ತು ಅಂಕ ಗಿಟ್ಟಿಸಲು ಫೋನು ಎರಡರಷ್ಟು ಬಿಸಿಯಾಗಬೇಕು. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೇರಲು ಕಂಪನಿಗಳು ಮಾಡುವುದು ಸಾಮಾನ್ಯವಾಗಿ ಇದನ್ನೇ; ಗಡಿಯಾರದ ವೇಗವನ್ನು ಆ ದುಬಾರಿ ತುದಿಯವರೆಗೆ ಎಳೆದಿಟ್ಟಿರುತ್ತವೆ. ಒಂದು ನಿಮಿಷದ ಪರೀಕ್ಷೆಯಲ್ಲಿ ಆ ತುದಿ ಸಿಗುತ್ತದೆ, ಅರ್ಧ ಗಂಟೆಯ ಆಟದಲ್ಲಿ ಸಿಗುವುದಿಲ್ಲ.

ಹುಟ್ಟಿದ ಶಾಖ ಎರಡು ಕಡೆ ಹೋಗಬಹುದು. ಒಂದು ಪಾಲು ಫೋನಿನ ಗಾಜು, ಲೋಹ, ಬ್ಯಾಟರಿಗಳನ್ನು ಬಿಸಿ ಮಾಡುತ್ತಾ ಅಲ್ಲೇ ಉಳಿಯುತ್ತದೆ. ಇನ್ನೊಂದು ಪಾಲು ಹೊರಮೈಯಿಂದ ಗಾಳಿಗೆ ಹೋಗುತ್ತದೆ. ಕೆರೆ ತುಂಬುವವರೆಗೆ ಕಾಲುವೆಯಲ್ಲಿ ಎಷ್ಟು ನೀರು ಬಂದರೂ ಚಿಂತೆಯಿಲ್ಲ; ತುಂಬಿದ ಮೇಲೆ ಕೋಡಿಯಲ್ಲಿ ಹರಿದುಹೋಗುವಷ್ಟು ನೀರನ್ನು ಮಾತ್ರ ಒಳಗೆ ಬಿಡಬೇಕು, ಇಲ್ಲದಿದ್ದರೆ ಏರಿಗೆ ಅಪಾಯ. ಬೆಂಚ್‌ಮಾರ್ಕ್ ಅಳೆಯುವುದು ಖಾಲಿ ಕೆರೆಗೆ ನೀರು ನುಗ್ಗುವ ರಭಸವನ್ನು. ಆಟ ಹತ್ತು ನಿಮಿಷ ದಾಟಿದ ಮೇಲೆ ಲೆಕ್ಕಕ್ಕೆ ಬರುವುದು ಕೋಡಿಯ ಅಗಲ ಮಾತ್ರ.

ಈ ಮಾತನ್ನು ಅಂಕಿಗಳಲ್ಲೇ ನೋಡಬಹುದು. 200 ಗ್ರಾಂ ತೂಗುವ ಒಂದು ಫೋನನ್ನು ಒಟ್ಟಾಗಿ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 180 ಜೂಲ್ ಶಾಖ ಬೇಕು. ಹದಿನಾರು ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲದ ಫೋನಿನ ಹಿಂದು ಮುಂದು ಸೇರಿದರೆ, ಅಂಚುಗಳದ್ದೂ ಸ್ವಲ್ಪ ಹಿಡಿದರೆ, ಹೊರಮೈ ಸುಮಾರು 250 ಚದರ ಸೆಂಟಿಮೀಟರ್. ಗಾಳಿ ಅಲ್ಲಾಡದ ಕೋಣೆಯಲ್ಲಿ ಇಷ್ಟು ಮೈ, ಸುತ್ತಲಿನ ಗಾಳಿಗಿಂತ ತಾನು ಎಷ್ಟು ಡಿಗ್ರಿ ಹೆಚ್ಚು ಬಿಸಿಯಿದೆಯೋ ಅಷ್ಟು ಕಾಲು ವ್ಯಾಟುಗಳನ್ನು ಹೊರಹಾಕುತ್ತದೆ. ಹತ್ತು ಡಿಗ್ರಿ ಹೆಚ್ಚಿದ್ದರೆ ಎರಡೂವರೆ ವ್ಯಾಟ್. ಅದರಲ್ಲಿ ಅರ್ಧದಷ್ಟು ಗಾಳಿ ಮೇಲೆದ್ದು ಹೋಗುವುದರಿಂದ, ಇನ್ನರ್ಧ ಕಣ್ಣಿಗೆ ಕಾಣದ ವಿಕಿರಣದಿಂದ. ಇವು ಒರಟು ಅಂಕಿಗಳು, ಫೋನಿನಿಂದ ಫೋನಿಗೆ ಹೆಚ್ಚುಕಡಿಮೆ ಆಗುತ್ತವೆ. ನಡೆಯುವ ಸಂಗತಿಯ ಅಳತೆ ಮಾತ್ರ ಇದೇ.

ಈ ಫೋನು ಪೂರ್ತಿ ವೇಗದಲ್ಲಿ ಏಳು ವ್ಯಾಟ್ ಶಾಖ ಹುಟ್ಟಿಸುತ್ತದೆ ಎಂದಿಟ್ಟುಕೊಳ್ಳೋಣ. ಒಂದು ನಿಮಿಷಕ್ಕೆ 420 ಜೂಲ್. ಇಷ್ಟೂ ಒಳಗೇ ಉಳಿದರೂ ಫೋನು ಬಿಸಿಯಾಗುವುದು ಎರಡು ಡಿಗ್ರಿ ಚಿಲ್ಲರೆ. ಬೆಂಚ್‌ಮಾರ್ಕ್ ಮುಗಿದು ಸ್ಕೋರ್ ಪರದೆಯ ಮೇಲೆ ಬಂದಾಗಲೂ ಫೋನು ಅಂಗೈಗೆ ತಣ್ಣಗೇ ಇರುವುದು ಇದರಿಂದ. ಆದರೆ ಅದೇ ಏಳು ವ್ಯಾಟ್ ಮುಂದುವರಿದರೆ, 25 ಡಿಗ್ರಿ ಕೋಣೆಯಲ್ಲಿ ಹೊರಮೈ 43 ಡಿಗ್ರಿ ಮುಟ್ಟಲು ಹಿಡಿಯುವುದು ಸುಮಾರು ಹನ್ನೆರಡು ನಿಮಿಷ. ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹತ್ತು ನಿಮಿಷದ ಗಡಿ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಇಲ್ಲಿದೆ. ಹುಟ್ಟುವ ಶಾಖ, ಸುತ್ತಲಿನ ಗಾಳಿ ಇವು ಬದಲಾಗದಿದ್ದರೆ ಫೋನಿನ ತೂಕ ಮತ್ತು ಹೊರಮೈ ಇವೆರಡೇ ಸೇರಿ ಆ ಹೊತ್ತನ್ನು ನಿರ್ಧರಿಸುತ್ತವೆ, ಎಲ್ಲ ಫೋನುಗಳಲ್ಲೂ ಇವೆರಡೂ ಹೆಚ್ಚುಕಡಿಮೆ ಒಂದೇ ಅಳತೆಯವು. ಚಿಪ್ಪಿನ ನೇರ ಮೇಲಿರುವ ಜಾಗ ಉಳಿದ ಮೈಗಿಂತ ಬೇಗ ಬಿಸಿಯಾಗುವುದರಿಂದ ನಿಜವಾದ ಫೋನಿನಲ್ಲಿ ವೇಗಕ್ಕೆ ಕಡಿವಾಣ ಇನ್ನೂ ಸ್ವಲ್ಪ ಮೊದಲೇ ಬೀಳುತ್ತದೆ.

43 ಡಿಗ್ರಿ ಎಂಬುದು ಚಿಪ್ಪಿಗೆ ಸಂಬಂಧಿಸಿದ ಅಂಕಿಯಲ್ಲ. ಚಿಪ್ಪು ಒಳಗೆ ಎಂಬತ್ತು, ತೊಂಬತ್ತು ಡಿಗ್ರಿವರೆಗೂ ತಡೆಯುತ್ತದೆ. ತಡೆಯದಿರುವುದು ಕೈ ಮತ್ತು ಬ್ಯಾಟರಿ. ಚರ್ಮ 44 ಡಿಗ್ರಿಯ ವಸ್ತುವಿಗೆ ಗಂಟೆಗಟ್ಟಲೆ ಅಂಟಿಕೊಂಡಿದ್ದರೆ ಸುಟ್ಟ ಗಾಯವಾಗುತ್ತದೆ ಎಂಬುದು 1947ರಷ್ಟು ಹಿಂದೆಯೇ ಪ್ರಯೋಗಗಳಿಂದ ಗೊತ್ತಾದ ಸಂಗತಿ. ಲೀಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿ ಚಾರ್ಜ್ ಮಾಡಬಾರದು ಎಂಬುದು ಸಾಮಾನ್ಯ ನಿಯಮ. ಹಾಗಾಗಿ ಹೊರಮೈಯನ್ನು ನಲವತ್ತರ ಆಸುಪಾಸಿನಲ್ಲಿ, ನಲವತ್ತೈದು ದಾಟದಂತೆ ಇಡಲು ತಯಾರಕರು ನೋಡುತ್ತಾರೆ. ಪ್ರೊಸೆಸರ್ ಎಷ್ಟೇ ದುಬಾರಿಯದಾದರೂ ಈ ಗಡಿ ಬದಲಾಗುವುದಿಲ್ಲ.

ಗಡಿ ಬದಲಾಗದಿದ್ದರೂ ಸುತ್ತಲಿನ ಗಾಳಿ ಬದಲಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ ಈ ಲೆಕ್ಕ ಬೇರೆಯದೇ ಉತ್ತರ ಕೊಡುತ್ತದೆ. ಅಲ್ಲಿ ಜನವರಿಯ ಬೆಳಗಿನಲ್ಲಿ ಮೈ ನಡುಗುವ ಚಳಿ, ಏಪ್ರಿಲಿನ ಮಧ್ಯಾಹ್ನ ಗಾಳಿಯೇ 36 ಡಿಗ್ರಿ. 25 ಡಿಗ್ರಿ ಕೋಣೆಯಲ್ಲಿ 43ರವರೆಗೆ ಹದಿನೆಂಟು ಡಿಗ್ರಿ ಅಂತರವಿದ್ದುದರಿಂದ ಫೋನು ಸತತವಾಗಿ ನಾಲ್ಕೂವರೆ ವ್ಯಾಟ್ ಹೊರಹಾಕಬಹುದಿತ್ತು. 36 ಡಿಗ್ರಿಯಲ್ಲಿ ಅಂತರ ಏಳೇ ಡಿಗ್ರಿ, ಹೊರಹೋಗುವುದು 1.75 ವ್ಯಾಟ್. ಅದರಲ್ಲಿ ಪರದೆ ಮತ್ತು ಮೋಡೆಮ್ ಸುಮಾರು ಒಂದು ವ್ಯಾಟ್ ತಿಂದರೆ ಆಟ ನಡೆಸುವ ಚಿಪ್ಪಿಗೆ ಮುಕ್ಕಾಲು ವ್ಯಾಟ್ ಉಳಿಯಿತು; ತಣ್ಣನೆಯ ಕೋಣೆಯಲ್ಲಿ ಅದೇ ಚಿಪ್ಪಿಗೆ ಮೂರೂವರೆ ವ್ಯಾಟ್ ಸಿಗುತ್ತಿತ್ತು. ಬಿಸಿಯಾಗಲು ಹಿಡಿಯುವ ಹೊತ್ತೂ ಕುಗ್ಗುತ್ತದೆ: ಏಳು ವ್ಯಾಟಿನ ಓಟ ಅಲ್ಲಿ ಹನ್ನೆರಡು ನಿಮಿಷ ನಡೆದರೆ ಇಲ್ಲಿ ಮೂರೂವರೆ ನಿಮಿಷಕ್ಕೇ 43 ಮುಟ್ಟುತ್ತದೆ. ವಿಮಾನದಿಂದ ಜಿಗಿದು, ಮನೆ ಹೊಕ್ಕು, ಗನ್ನು ಹುಡುಕುವಷ್ಟರಲ್ಲಿ ಮುಗಿಯಿತು. ಎ.ಸಿ. ಹಾಕಿದ ಸ್ಟುಡಿಯೋದಲ್ಲಿ ಫೋನು ಪರೀಕ್ಷಿಸುವವರ ವಿಡಿಯೋ ನೋಡಿ ಶೀಟ್ ಮನೆಯಲ್ಲಿ ಆಡುವವರು ಲೆಕ್ಕ ಹಾಕಿದರೆ ಅದು ಕೈಕೊಡುವುದು ಈ ಕಾರಣಕ್ಕೆ. ಯಾರ ಫೋನೂ ಕೆಟ್ಟಿರುವುದಿಲ್ಲ.

ಇನ್ನು ಬಿಸಿಲಿನಲ್ಲಿ ಕೂತು ಆಡುವುದಂತೂ ಬೇರೆಯೇ ಕತೆ. ಮಧ್ಯಾಹ್ನದ ನೇರ ಬಿಸಿಲು ಫೋನಿನ ಒಂದು ಮೈಯ ಮೇಲೆ ಸುಮಾರು ಹತ್ತು ವ್ಯಾಟ್ ಸುರಿಯುತ್ತದೆ, ಪ್ರೊಸೆಸರ್ ತಾನೇ ಹುಟ್ಟಿಸುವುದಕ್ಕಿಂತ ಹೆಚ್ಚು.

ವೇಗಕ್ಕೆ ಕಡಿವಾಣ ಹಾಕುವ ಕೆಲಸ ಫೋನಿನೊಳಗಿನ ತಂತ್ರಾಂಶದ್ದು. ಆಂಡ್ರಾಯ್ಡಿನ ಬುಡದಲ್ಲಿರುವ ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆಯಿದೆ. ಚಿಪ್ಪಿನ ಪ್ರತಿ ಭಾಗದಲ್ಲಿ, ಬ್ಯಾಟರಿಯ ಬಳಿ, ಬೋರ್ಡಿನ ಮೇಲೆ ಅಲ್ಲಲ್ಲಿ ಕೂರಿಸಿದ ಹತ್ತಾರು ಉಷ್ಣ ಸಂವೇದಕಗಳನ್ನು ಅದು ಮತ್ತೆ ಮತ್ತೆ ಓದುತ್ತಿರುತ್ತದೆ. ಹೊರಮೈಯ ಬಿಸಿಯನ್ನು ನೇರವಾಗಿ ಅಳೆಯಲು ಬಾರದ್ದರಿಂದ ಬೋರ್ಡಿನ ಸಂವೇದಕಗಳ ಅಂಕಿಗಳನ್ನು ಸೇರಿಸಿ ಅಂದಾಜು ಮಾಡಲಾಗುತ್ತದೆ. ಪ್ರತಿ ಸಂವೇದಕಕ್ಕೂ ಒಂದೊಂದು ಗಡಿ ಗೊತ್ತುಮಾಡಿರುತ್ತಾರೆ. ಗಡಿ ದಾಟಿದ ಕೂಡಲೇ ಪ್ರೊಸೆಸರಿನ, ಗ್ರಾಫಿಕ್ಸಿನ ಗರಿಷ್ಠ ವೇಗವನ್ನು ಒಂದೊಂದೇ ಮೆಟ್ಟಿಲು ಇಳಿಸುವುದು ಒಂದು ವಿಧಾನ. ಆರ್ಮ್ ಕಂಪನಿ ಲಿನಕ್ಸಿಗೆ ಕೊಟ್ಟ ಇನ್ನೊಂದು ವಿಧಾನದಲ್ಲಿ ಗಡಿ ಮುಟ್ಟಲು ಇನ್ನೆಷ್ಟು ಡಿಗ್ರಿ ಬಾಕಿಯಿದೆ ಎಂಬುದನ್ನು ನೋಡಿ ಇಷ್ಟು ವ್ಯಾಟ್ ಎಂದು ಒಟ್ಟು ಪಡಿ ಗೊತ್ತುಮಾಡುತ್ತಾರೆ, ಆಮೇಲೆ ಅದನ್ನು ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಹಂಚುತ್ತಾರೆ. ಮೊದಲನೆಯದು ಒರಟು, ವೇಗ ಇಳಿದು ಏರಿ ಇಳಿದು ಆಡುತ್ತದೆ. ಎರಡನೆಯದು ಹೆಚ್ಚು ನಯ. ಒಂದೇ ಪ್ರೊಸೆಸರ್ ಇರುವ ಎರಡು ಕಂಪನಿಗಳ ಫೋನುಗಳು ಆಟದಲ್ಲಿ ಬೇರೆ ಬೇರೆಯಾಗಿ ನಡೆದುಕೊಳ್ಳುವುದಕ್ಕೆ ಈ ಗಡಿಗಳನ್ನು ಯಾರು ಎಲ್ಲಿಟ್ಟಿದ್ದಾರೆ ಎಂಬುದೂ ಒಂದು ಕಾರಣ, ಪೆಟ್ಟಿಗೆಯ ಮೇಲೆ ಇದನ್ನು ಯಾರೂ ಅಚ್ಚು ಹಾಕುವುದಿಲ್ಲ.

ಫೋನಿನೊಳಗೆ ಕೂರಿಸುವ ವೇಪರ್ ಚೇಂಬರ್ ಎಂಬ ತಾಮ್ರದ ಚಪ್ಪಟೆ ಕೋಶ, ಗ್ರಾಫೈಟ್ ಹಾಳೆ ಇವುಗಳ ಬಗ್ಗೆ ಜಾಹೀರಾತು ಹೇಳುವುದು ಅರ್ಧ ನಿಜ. ಅವು ಚಿಪ್ಪಿನ ಬಿಸಿಯನ್ನು ಮೈಯಿಡೀ ಬೇಗ ಹರಡುತ್ತವೆ. ಹಾಗೆ ಹರಡಿದಾಗ ಒಂದೇ ಜಾಗ ಕಾದು ಗಡಿ ಮುಟ್ಟುವುದು ತಪ್ಪುತ್ತದೆ, ಇಡೀ ಹೊರಮೈ ಕೆಲಸಕ್ಕೆ ಬರುತ್ತದೆ. ಅದು ದೊಡ್ಡ ಲಾಭವೇ. ಆದರೆ ಹೊರಮೈಯಿಂದ ಗಾಳಿಗೆ ಹೋಗುವ ಶಾಖದ ಗಡಿಯನ್ನು ಅವು ದಾಟಿಸಲಾರವು.

ಕಡಿವಾಣ ಬಿದ್ದದ್ದು ಆಟದಲ್ಲಿ ಹೇಗೆ ಕಾಣುತ್ತದೆ? ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಪ್ರತಿ ಚಿತ್ರ 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಗ್ರಾಫಿಕ್ಸ್ ಭಾಗದ ವೇಗ ಐದರಲ್ಲಿ ಒಂದು ಪಾಲು ಇಳಿದರೆ, 14 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಈಗ ಹದಿನೇಳೂವರೆ ಬೇಕು. ವ್ಯತ್ಯಾಸ ಚಿಕ್ಕದೇ, ಆದರೆ ಗಡುವು ತಪ್ಪಿತು. 60 ಬಾರಿ ಬದಲಾಗುವ ಪರದೆ ಆ ಚಿತ್ರಕ್ಕಾಗಿ ಮುಂದಿನ ಸರದಿವರೆಗೆ ಕಾಯುತ್ತದೆ, ಹಳೆಯ ಚಿತ್ರವೇ ಎರಡು ಸಲ ಕಾಣುತ್ತದೆ. ಸರಾಸರಿ ಎಫ್‌ಪಿಎಸ್ ನೋಡಿದರೆ ಐವತ್ತೈದು ಎಂದು ತೋರಿಸುತ್ತಿರುತ್ತದೆ, ಕೈಗೆ ಮಾತ್ರ ಗೇಮ್ ಜಗ್ಗಿದಂತೆ, ಲ್ಯಾಗ್ ಹೊಡೆದಂತೆ ಅನಿಸುತ್ತದೆ. ಆಡುವವರು ನೆಟ್‌ವರ್ಕನ್ನು ಬಯ್ಯುವುದು ಸಾಮಾನ್ಯವಾಗಿ ಇಲ್ಲಿಯೇ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ: ನೆಟ್‌ವರ್ಕಿನ ತೊಂದರೆಯಲ್ಲಿ ಪರದೆಯ ಮೂಲೆಯ ಪಿಂಗ್ ಅಂಕಿ ಏರುತ್ತದೆ, ಎದುರಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆದಂತೆ ಕಾಣುತ್ತಾನೆ, ಆದರೆ ನಮ್ಮ ಕ್ಯಾಮೆರಾ ನಯವಾಗಿ ತಿರುಗುತ್ತದೆ. ಬಿಸಿಯ ತೊಂದರೆಯಲ್ಲಿ ಪಿಂಗ್ ಹಾಗೇ ಇರುತ್ತದೆ, ಬೆರಳೆಳೆದಾಗ ನೋಟ ತಿರುಗುವುದೇ ತಡೆ ತಡೆದು ಬರುತ್ತದೆ, ಪರದೆಯ ಬೆಳಕೂ ತಾನಾಗಿ ಕುಗ್ಗಿರುತ್ತದೆ.

ಆಟದಲ್ಲಿ ಇನ್ನೊಂದು ವಿಶೇಷವಿದೆ. ಆಟದ ಬಹುಪಾಲು ಲೆಕ್ಕಾಚಾರ ಪ್ರೊಸೆಸರಿನ ಒಂದೆರಡು ದೊಡ್ಡ ಕೋರುಗಳ ಮೇಲೆಯೇ ಬೀಳುತ್ತದೆ. ಎಂಟು ಕೋರುಗಳನ್ನೂ ದುಡಿಸುವ ಮಲ್ಟಿ ಕೋರ್ ಸ್ಕೋರ್ ಎಷ್ಟೇ ಇರಲಿ, ಬಿಸಿಯಿಂದಾಗಿ ಆ ದೊಡ್ಡ ಕೋರುಗಳ ವೇಗ ಇಳಿದರೆ ಉಳಿದವು ಸುಮ್ಮನೆ ಕಾಯುತ್ತವೆ.

ಇಷ್ಟು ಭೌತಶಾಸ್ತ್ರದ ಮಾತಾಯಿತು. ಸ್ಕೋರಿಗೂ ಆಟಕ್ಕೂ ನಡುವಿನ ಅಂತರವನ್ನು ಕಂಪನಿಗಳೇ ಹಿಗ್ಗಿಸಿದ ಪ್ರಸಂಗಗಳೂ ಇವೆ. 2013ರ ಜುಲೈನಲ್ಲಿ ಆನಂದ್‌ಟೆಕ್ ಜಾಲತಾಣ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4 ಫೋನಿನ ಎಕ್ಸಿನೋಸ್ ಮಾದರಿಯನ್ನು ಜಾಲಾಡಿತು. ಅದರ ಗ್ರಾಫಿಕ್ಸ್ ಭಾಗ ಕೆಲವು ಬೆಂಚ್‌ಮಾರ್ಕುಗಳಲ್ಲಿ 533 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಗೇಮುಗಳಿಗೆ ಸಿಗುತ್ತಿದ್ದದ್ದು 480 ಮಾತ್ರ. ಫೋನಿನ ತಂತ್ರಾಂಶದೊಳಗೆ ಬೆಂಚ್‌ಮಾರ್ಕುಗಳ ಹೆಸರಿನ ಪಟ್ಟಿಯೇ ಇತ್ತು. ಒಂಬತ್ತು ವರ್ಷಗಳ ಮೇಲೆ, 2022ರ ಮಾರ್ಚಿನಲ್ಲಿ, ಅದೇ ಕಂಪನಿಯ ಇನ್ನೊಂದು ಪಟ್ಟಿ ಕೊರಿಯಾದಲ್ಲಿ ಬಯಲಾಯಿತು. ಇದು ತಿರುಗುಮುರುಗು. ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಎಂಬ ಸೇವೆ ಸುಮಾರು 10,000 ಆ್ಯಪುಗಳ ಹೆಸರು ಇಟ್ಟುಕೊಂಡು, ಅವು ತೆರೆದಾಗ ಬಿಸಿಯಾಗುವ ಮುಂಚೆಯೇ ವೇಗ ಇಳಿಸುತ್ತಿತ್ತು. ಬೆಂಚ್‌ಮಾರ್ಕುಗಳನ್ನು ಮುಟ್ಟುತ್ತಿರಲಿಲ್ಲ. ಇದನ್ನು ತೋರಿಸಿಕೊಟ್ಟ ಉಪಾಯ ಚೆನ್ನಾಗಿತ್ತು. 3ಡಿಮಾರ್ಕ್ ಆ್ಯಪಿನ ಒಳಹೆಸರನ್ನು ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಹೆಸರಿಗೆ ಬದಲಿಸಿ ಓಡಿಸಿದರು, ಅದೇ ಫೋನು, ಅದೇ ಪರೀಕ್ಷೆ, ಸ್ಕೋರ್ ಮಾತ್ರ ಧಡಕ್ಕನೆ ಬಿತ್ತು. ಗೀಕ್‌ಬೆಂಚ್ ಆ ತಿಂಗಳು ಗ್ಯಾಲಕ್ಸಿ ಎಸ್10ರಿಂದ ಎಸ್22ವರೆಗಿನ ಮಾದರಿಗಳನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಸ್ಯಾಮ್‌ಸಂಗ್ ಅಪ್‌ಡೇಟ್ ಕೊಟ್ಟು ಗ್ರಾಹಕರೇ ಆ ಸೇವೆಯನ್ನು ಬಂದ್ ಮಾಡಿಕೊಳ್ಳಲು ದಾರಿ ಮಾಡಿತು. ನಡುವೆ 2018ರಲ್ಲಿ ಹುವಾವೇ, 2021ರಲ್ಲಿ ಒನ್‌ಪ್ಲಸ್ ಇಂಥದೇ ಆರೋಪಕ್ಕೆ ಸಿಕ್ಕಿದ್ದವು. ಬಿಸಿಯಾಗದಂತೆ ಮೊದಲೇ ವೇಗ ಇಳಿಸುವುದು ತಪ್ಪಲ್ಲ, ಎಷ್ಟೋ ಸಲ ಜಾಣತನವೇ. ಅಳೆಯುವವನ ಮುಂದೆ ಒಂದು ವೇಗ, ಆಡುವವನ ಮುಂದೆ ಇನ್ನೊಂದು ವೇಗ ಇಡುವುದಕ್ಕೆ ಮಾತ್ರ ಸಮರ್ಥನೆಯಿಲ್ಲ.

ಹಾಗಾದರೆ ಬಿಸಿಯಾದ ಮೇಲಿನ ವೇಗವನ್ನು ಅಳೆಯುವುದು ಹೇಗೆ? ವೈಲ್ಡ್ ಲೈಫ್ ಪರೀಕ್ಷೆಗೇ ಸ್ಟ್ರೆಸ್ ಟೆಸ್ಟ್ ಎಂಬ ಇನ್ನೊಂದು ರೂಪವಿದೆ. ಒಂದು ನಿಮಿಷದ ದೃಶ್ಯವನ್ನು ಅದು ಬಿಡುವಿಲ್ಲದೆ ಇಪ್ಪತ್ತು ಸಲ ಓಡಿಸಿ ಪ್ರತಿ ಸುತ್ತಿನ ಅಂಕವನ್ನೂ ಗೆರೆಯಾಗಿ ಬಿಡಿಸುತ್ತದೆ. ಕೊನೆಯಲ್ಲಿ ಮೂರು ಅಂಕಿ ಸಿಗುತ್ತವೆ: ಅತಿ ಹೆಚ್ಚಿನ ಸುತ್ತು, ಅತಿ ಕಡಿಮೆಯ ಸುತ್ತು, ಎರಡರ ಅನುಪಾತವಾದ ಸ್ಟೆಬಿಲಿಟಿ. ಹೆಚ್ಚಿನವರು ಸ್ಟೆಬಿಲಿಟಿಯ ಶೇಕಡಾವಾರು ನೋಡಿ ತೀರ್ಪು ಕೊಡುತ್ತಾರೆ. ಅದು ತಪ್ಪು ದಾರಿ. ಒಂದು ಫೋನಿನ ಅಂಕ 5,000ದಿಂದ 3,000ಕ್ಕೆ ಬಿದ್ದರೆ ಸ್ಟೆಬಿಲಿಟಿ ಶೇ 60. ಇನ್ನೊಂದರದ್ದು 1,800ರಿಂದ 1,750ಕ್ಕೆ ಇಳಿದರೆ ಶೇ 97. ಎರಡನೆಯದು ಸ್ಥಿರವಾಗಿರುವುದು ಅದು ಬಿಸಿಯಾಗುವಷ್ಟು ಶಕ್ತಿಯೇ ಇಲ್ಲದ್ದರಿಂದ. ಇಪ್ಪತ್ತನೆಯ ನಿಮಿಷದಲ್ಲೂ ಮೊದಲ ಫೋನೇ ಬಹಳ ಮುಂದಿದೆ. ನೋಡಬೇಕಾದದ್ದು ಅತಿ ಕಡಿಮೆಯ ಸುತ್ತಿನ ಅಂಕವನ್ನು. ಜೊತೆಗೆ ಗೆರೆಯ ಆಕಾರವನ್ನೂ ನೋಡಬೇಕು. ಒಂದು ಸಲ ಇಳಿದು ಅಲ್ಲೇ ನೆಟ್ಟಗೆ ನಿಂತರೆ ಆಟ ಸಮನಾಗಿ ನಡೆಯುತ್ತದೆ, ಏರಿಳಿಯುತ್ತಲೇ ಇದ್ದರೆ ಕೈಗೆ ಕಿರಿಕಿರಿ ತಪ್ಪದು. ಚಾರ್ಜರ್ ತೆಗೆದು, ಕವರ್ ಬಿಚ್ಚಿ, ಬೆಳಕನ್ನು ಒಂದೇ ಮಟ್ಟದಲ್ಲಿಟ್ಟು, ಕೋಣೆಯ ಉಷ್ಣತೆ ಬರೆದಿಟ್ಟುಕೊಂಡು ಮಾಡದ ಪರೀಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಕಂಪ್ಯೂಟರಿಗೆ ಫೋನು ಜೋಡಿಸಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿಕೊಂಡರೆ ಕಡಿವಾಣ ಬಿದ್ದಿದೆಯೇ ಎಂದು ಫೋನನ್ನೇ ಕೇಳಬಹುದು:

```
adb shell dumpsys thermalservice
adb shell dumpsys battery
```

ಮೊದಲ ಆದೇಶದ ಉತ್ತರದಲ್ಲಿ Thermal Status ಎಂಬ ಸಾಲಿನಲ್ಲಿ ಸೊನ್ನೆಯಿಂದ ಆರರವರೆಗಿನ ಒಂದು ಅಂಕಿ ಇರುತ್ತದೆ. ಸೊನ್ನೆ ಎಂದರೆ ಏನೂ ತಡೆಯಿಲ್ಲ, ಎರಡು ಎಂದರೆ ಮಧ್ಯಮ, ಮೂರು ಎಂದರೆ ತೀವ್ರ, ಆರು ಎಂದರೆ ಫೋನು ತಾನೇ ಆಫ್ ಆಗುವ ಹಂತ. ಎರಡನೆಯ ಆದೇಶದಲ್ಲಿ temperature ಸಾಲಿನ ಅಂಕಿಯನ್ನು ಹತ್ತರಿಂದ ಭಾಗಿಸಬೇಕು; 385 ಎಂದಿದ್ದರೆ ಬ್ಯಾಟರಿ 38.5 ಡಿಗ್ರಿ. ಆಡಲು ಕೂರುವ ಮುಂಚೆ ಒಮ್ಮೆ, ಕಾಲು ಗಂಟೆ ಆಡಿ ಒಮ್ಮೆ ನೋಡಿದರೆ ಸಾಕು. ಕೇಬಲ್ ಹಾಕಿದಾಗ ಫೋನು ಚಾರ್ಜೂ ಆಗುವುದರಿಂದ ಆಡುವಾಗಲೆಲ್ಲ ಅದನ್ನು ಜೋಡಿಸಿಡುವುದು ಬೇಡ.

ಇದೇ ಮಾಹಿತಿಯನ್ನು ಆಟಗಳೂ ಕೇಳಿ ಪಡೆಯಬಹುದು. 2016ರ ಆಂಡ್ರಾಯ್ಡ್ 7ರಲ್ಲಿ, ತುದಿಯ ವೇಗ ಬೇಡ, ಬಹಳ ಹೊತ್ತು ಉಳಿಯುವ ವೇಗ ಕೊಡು ಎಂದು ಆಟವೊಂದು ಫೋನನ್ನು ಕೇಳುವ ವ್ಯವಸ್ಥೆ ಬಂತು. ಆಂಡ್ರಾಯ್ಡ್ 11ರಿಂದ ಮುಂದೆ ಕಡಿವಾಣ ಬೀಳಲು ಇನ್ನೆಷ್ಟು ದೂರವಿದೆ ಎಂದು ಮುಂಚಿತವಾಗಿ ತಿಳಿದು ಆಟ ತಾನೇ ನೆರಳು, ಹುಲ್ಲು, ದೂರದ ಮರಗಳನ್ನು ಕಡಿಮೆ ಮಾಡಿಕೊಳ್ಳಬಹುದು. ಎಲ್ಲ ಫೋನುಗಳೂ ಇದಕ್ಕೆ ಸರಿಯಾಗಿ ಉತ್ತರಿಸುವುದಿಲ್ಲ, ಎಲ್ಲ ಆಟಗಳೂ ಕೇಳುವುದಿಲ್ಲ.

ಆಡುವವರ ಕೈಯಲ್ಲಿರುವುದು ಫ್ರೇಮ್ ದರದ ಸೆಟ್ಟಿಂಗು. 90 ಫ್ರೇಮಿಗೆ ಇಟ್ಟು ಆಡಲು ತೊಡಗಿದ ಫೋನು ಮೊದಲ ಹತ್ತು ನಿಮಿಷದಲ್ಲೇ ಒಳಗಿನ ಜಾಗವನ್ನೆಲ್ಲ ಬಿಸಿಯಿಂದ ತುಂಬಿಕೊಂಡು, ಕೊನೆಯ ವೃತ್ತದ ಹೊತ್ತಿಗೆ 45, 60, 50 ಎಂದು ತೊನೆಯುತ್ತಿರುತ್ತದೆ. ಅದನ್ನೇ ಮೊದಲಿನಿಂದ 60ಕ್ಕೆ ಕಟ್ಟಿಹಾಕಿದರೆ ಚಿಪ್ಪು ಕಡಿಮೆ ವೋಲ್ಟೇಜಿನ, ಅಗ್ಗದ ವೇಗಗಳಲ್ಲೇ ಕೆಲಸ ಮುಗಿಸುತ್ತದೆ. ಘನದ ಲೆಕ್ಕ ಇಲ್ಲಿ ಆಡುವವನ ಪರವಾಗಿ ತಿರುಗುತ್ತದೆ, ಸ್ವಲ್ಪ ವೇಗ ಬಿಟ್ಟುಕೊಟ್ಟು ಬಹಳ ಬಿಸಿ ಉಳಿಸಬಹುದು. ಈ ಉಳಿತಾಯಕ್ಕೂ ಒಂದು ತಳವಿದೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದು. ಅಲ್ಲಿಂದಾಚೆ ವೇಗ ಇಳಿಸಿದಷ್ಟೇ ಖರ್ಚು ಇಳಿಯುತ್ತದೆ, ಹೆಚ್ಚಿನ ಲಾಭವಿಲ್ಲ.

ಉಳಿದದ್ದೆಲ್ಲ ಹೊರಮೈಯ ಕತೆ. ಫ್ಯಾನಿನ ಗಾಳಿ ನೇರವಾಗಿ ಬಿದ್ದರೆ ಫೋನು ಹೊರಹಾಕುವ ಶಾಖ ಸುಮಾರು ಎರಡರಷ್ಟಾಗುತ್ತದೆ. 36 ಡಿಗ್ರಿಯ ಮಧ್ಯಾಹ್ನದಲ್ಲೂ 1.75 ವ್ಯಾಟ್ ಮೂರೂವರೆಯಾಗುತ್ತದೆ. ಆಟದ ನಡುವೆ ಕರೆಂಟ್ ಹೋದಾಗ ಆಡುವವನಿಗೆ ಸೆಕೆ ಹತ್ತಿದ ಹಾಗೆಯೇ ಫೋನಿಗೂ ಹತ್ತುತ್ತದೆ. ದಪ್ಪ ರಬ್ಬರ್ ಕವರ್ ಫೋನಿಗೆ ಹೊದಿಕೆಯಿದ್ದಂತೆ, ಆಡುವಾಗ ತೆಗೆದಿಡುವುದು ಒಳ್ಳೆಯದು. ಸಿಗ್ನಲ್ ಕಡ್ಡಿ ಒಂದೋ ಎರಡೋ ಇರುವ ಜಾಗದಲ್ಲಿ ದೂರದ ಟವರಿಗೆ ಮುಟ್ಟಿಸಲು ಮೋಡೆಮ್ ಹೆಚ್ಚು ಶಕ್ತಿ ಹಾಕುತ್ತದೆ, ಆ ಶಾಖವೂ ಅದೇ ಪಡಿಯಲ್ಲಿ ಕಳೆಯುತ್ತದೆ. ಮನೆಯಲ್ಲಿ ವೈ-ಫೈ ಇದ್ದರೆ ಅದರಲ್ಲೇ ಆಡಬೇಕು.

ಎಲ್ಲಕ್ಕಿಂತ ಹೆಚ್ಚು ಹೊಡೆತ ಚಾರ್ಜಿಗೆ ಹಾಕಿಕೊಂಡು ಆಡುವುದರಿಂದ. 18 ವ್ಯಾಟಿನ ಚಾರ್ಜರಿನಿಂದ ಒಳಬರುವ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲು ಬ್ಯಾಟರಿ, ಸರ್ಕ್ಯೂಟುಗಳಲ್ಲಿ ಶಾಖವಾದರೂ 1.8 ವ್ಯಾಟ್. ಏಪ್ರಿಲಿನ ಮಧ್ಯಾಹ್ನ ಫ್ಯಾನಿಲ್ಲದ ಕೋಣೆಯಲ್ಲಿ ಫೋನು ಒಟ್ಟಾರೆ ಹೊರಹಾಕಬಲ್ಲದ್ದೇ ಅಷ್ಟು, ಆಟಕ್ಕೆ ಏನೂ ಉಳಿಯಲಿಲ್ಲ. ಗೇಮಿಂಗಿಗೆಂದೇ ಮಾಡಿದ ಕೆಲವು ಫೋನುಗಳಲ್ಲಿ, ಸ್ಯಾಮ್‌ಸಂಗಿನ ಕೆಲವು ಮೇಲ್ದರ್ಜೆಯ ಮಾದರಿಗಳಲ್ಲಿ ಬೈಪಾಸ್ ಚಾರ್ಜಿಂಗ್ ಇದೆ. ಚಾರ್ಜರಿನ ವಿದ್ಯುತ್ತು ಬ್ಯಾಟರಿಗೆ ಹೋಗದೆ ನೇರವಾಗಿ ಬೋರ್ಡಿಗೆ ಹೋಗುತ್ತದೆ, ಬ್ಯಾಟರಿ ತಣ್ಣಗಿರುತ್ತದೆ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ತಣ್ಣಗಾದ ಫೋನನ್ನು ಹೊರತೆಗೆದ ಕೂಡಲೇ ಗಾಳಿಯ ತೇವ ಅದರ ಮೈಮೇಲೂ ಒಳಗೂ ಹನಿಯಾಗಿ ಕೂರುತ್ತದೆ, ಚಾರ್ಜಿಂಗ್ ಪೋರ್ಟಿನಲ್ಲಿ ಕೂತ ಹನಿ ಮುಂದಿನ ಸಲ ಚಾರ್ಜರ್ ಚುಚ್ಚಿದಾಗ ತನ್ನ ಕೆಲಸ ತೋರಿಸುತ್ತದೆ. ಎರಡು ಪಂದ್ಯಗಳ ನಡುವೆ ಐದು ನಿಮಿಷ ಪರದೆ ಆಫ್ ಮಾಡಿ ಫ್ಯಾನಿನ ಕೆಳಗೆ ಕಲ್ಲಿನ ನೆಲದ ಮೇಲೆ ಅಂಗಾತ ಇಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ, ಮುಂದಿನ ಪಂದ್ಯದ ಮೊದಲ ಕೆಲವು ನಿಮಿಷಕ್ಕೆ ಅಷ್ಟು ಸಾಕು.